ಹಾಕಿದ ಕೂಡ್ಲೇ ಹಾರುವ ಫ್ಯೂಸ್

ವಾರಕ್ಕೊಬ್ಬರಾದರೂ ಅಂಗಡಿಗೆ ಕಾರು ತಂದು ಇದೇ ಮಾತು ಹೇಳುತ್ತಾರೆ. "ಅಣ್ಣ, ಈ ಫ್ಯೂಸ್ ತಡೀತಿಲ್ಲ, ಒಂದು ದೊಡ್ಡದು ಹಾಕಿಬಿಡಿ." ಫ್ಯೂಸ್ ಹೋದದ್ದು ಅದರ ಕೆಲಸ ಮಾಡಿದ್ದಕ್ಕೆ ಎಂದರೆ ನನ್ನ ಮುಖವನ್ನೇ ನೋಡುತ್ತಾರೆ.

ಇನ್ನೊಂದು ಸಲ ಹೇಳುತ್ತೇನೆ. ಫ್ಯೂಸ್ ಇರುವುದು ಹಾರ್ನ್ ಕಾಯಲಿಕ್ಕಲ್ಲ, ಕಿಟಕಿ ಮೋಟಾರ್ ಕಾಯಲಿಕ್ಕಲ್ಲ. ಅದು ವೈರ್ ಕಾಯಲಿಕ್ಕೆ ಇದೆ. ಆ ವೈರ್ ಎಷ್ಟು ಕರೆಂಟ್ ತಡೆಯುತ್ತದೋ ಅಷ್ಟಕ್ಕೆ ಲೆಕ್ಕ ಹಾಕಿ ಕಂಪನಿಯವರು ಫ್ಯೂಸ್ ಇಟ್ಟಿರುತ್ತಾರೆ. ಅದರ ಜಾಗದಲ್ಲಿ ದೊಡ್ಡದು ಹಾಕಿದರೆ ಮುಂದೆ ಸುಡುವುದು ವೈರು. ಫ್ಯೂಸ್ ಹತ್ತು ರೂಪಾಯಿಗೆ ಸಿಗುತ್ತದೆ. ಡ್ಯಾಶ್‌ಬೋರ್ಡ್ ಬಿಚ್ಚಿ ಹಾರ್ನೆಸ್, ಅಂದರೆ ವೈರ್‌ಗಳ ಇಡೀ ಕಟ್ಟು, ಬದಲಾಯಿಸಲು ಎಷ್ಟಾಗುತ್ತದೆ ಅಂತ ನಾನು ಹೇಳಬೇಕಾ?

ಈಚೆಗೆ ಜಗಳೂರು ಕಡೆಯಿಂದ ಮೆಕ್ಕೆಜೋಳದ ವ್ಯಾಪಾರ ಮಾಡುವ ಒಬ್ಬರು ಬಂದಿದ್ದರು. ಕಿಟಕಿಯ 30 ಆಂಪ್ ಫ್ಯೂಸ್, ಆ ಹಸಿರು ಬಣ್ಣದ್ದು, ಪದೇ ಪದೇ ಹೋಗುತ್ತಿತ್ತಂತೆ. ಯಾರೋ ಒಬ್ಬರು ಮೋಟಾರ್ ಬದಲಾಯಿಸಿದ್ದರು. ಆಗಲೂ ಹೋಯಿತು. ಆಮೇಲೆ ಇವರೇ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿ ತುರುಕಿದ್ದರು. ಅದು ನಿಂತಿತು, ಆದರೆ ಬಾಗಿಲು ತೆರೆದಾಗೆಲ್ಲ ಸುಟ್ಟ ವಾಸನೆ. "ಬಾಗಿಲು ತೆರೆದಾಗ" ಎಂದ ತಕ್ಷಣ ನನಗೆ ಅರ್ಧ ಉತ್ತರ ಸಿಕ್ಕಿತು. ಆದರೂ ಊಹೆ ಮೇಲೆ ವೈರ್ ಕತ್ತರಿಸಬಾರದು.

ಮೊದಲು ಬೇಗಡೆ ಕಿತ್ತೆ. ಸುಟ್ಟ ಫ್ಯೂಸ್‌ನ ಎರಡು ಕಾಲಿಗೆ ವೈರ್ ಬೆಸುಗೆ ಹಾಕಿ, ಅದರ ತುದಿಗೆ ಒಂದು ಹೆಡ್‌ಲೈಟ್ ಬಲ್ಬ್ ಕಟ್ಟಿಟ್ಟುಕೊಂಡಿದ್ದೇನೆ. 12 ವೋಲ್ಟ್, 55 ವ್ಯಾಟ್‌ನದು. ಫ್ಯೂಸ್ ಜಾಗದಲ್ಲಿ ಅದನ್ನೇ ಚುಚ್ಚುತ್ತೇನೆ. ಶಾರ್ಟ್ ಇದ್ದರೆ, ಅಂದರೆ ವೈರ್‌ನ ತಾಮ್ರ ಎಲ್ಲೋ ಗಾಡಿಯ ಕಬ್ಬಿಣಕ್ಕೆ ತಾಗಿದ್ದರೆ, ಕರೆಂಟ್ ಬಲ್ಬ್ ಮೂಲಕವೇ ಆ ಕಬ್ಬಿಣಕ್ಕೆ ಇಳಿಯುತ್ತದೆ, ಬಲ್ಬ್ ಪೂರ್ತಿ ಉರಿಯುತ್ತದೆ. ಐದು ಆಂಪ್‌ಗಿಂತ ಜಾಸ್ತಿ ಹರಿಯಲು ಬಲ್ಬೇ ಬಿಡುವುದಿಲ್ಲ, ಹಾಗಾಗಿ ವೈರ್ ಸುಡುವ ಭಯವಿಲ್ಲ, ಫ್ಯೂಸ್ ಮೇಲೆ ಫ್ಯೂಸ್ ಹಾಳು ಮಾಡುವುದೂ ಇಲ್ಲ. ಶಾರ್ಟ್ ಬಿಟ್ಟಿತೋ, ಬಲ್ಬ್ ಆರುತ್ತದೆ. ಒಂದೇ ಎಚ್ಚರ: ಈ ಹೊತ್ತಲ್ಲಿ ಕಿಟಕಿ ಸ್ವಿಚ್ ಮುಟ್ಟಬಾರದು. ಮೋಟಾರ್ ಮೂಲಕ ಹರಿದರೂ ಬಲ್ಬ್ ಉರಿಯುತ್ತದೆ, ಅದನ್ನೇ ಶಾರ್ಟ್ ಅಂದುಕೊಳ್ಳುತ್ತೀರಿ. ಬಲ್ಬ್ ಚೆನ್ನಾಗಿ ಬಿಸಿಯಾಗುತ್ತದೆ, ಸೀಟ್ ಮೇಲೆ ಇಡಬೇಡಿ.

ಕೀ ಆನ್ ಮಾಡಿದೆ. ಬಾಗಿಲು ಮುಚ್ಚಿತ್ತು, ಬಲ್ಬ್ ಆರಿತ್ತು. ನನ್ನ ಹುಡುಗ ಡ್ರೈವರ್ ಬಾಗಿಲನ್ನು ನಿಧಾನಕ್ಕೆ ತೆರೆದ. ಅರ್ಧಕ್ಕೆ ಬಂದಾಗ ಬಲ್ಬ್ ಮಿನುಗಿತು. ಇನ್ನೊಂದು ಗೇಣು ಎಳೆದ, ಝಗ್ಗನೆ ಉರಿಯಿತು. ಮುಚ್ಚಿದರೆ ಆರಿತು. ನಮ್ಮ ವ್ಯಾಪಾರಿ ಮೂರು ಸಲ ತಾವೇ ತೆರೆದು ಮುಚ್ಚಿ ನೋಡಿದರು.

ಬಾಗಿಲಿಗೂ ಅದರ ಕೀಲು ಕೂತಿರುವ ಕಂಬಕ್ಕೂ ನಡುವೆ, ವೈರ್‌ಗಳು ಹಾದುಹೋಗುವ ಒಂದು ರಬ್ಬರ್ ಬೂಟ್ ಇರುತ್ತದೆ, ಅದನ್ನು ಹಿಂದಕ್ಕೆ ಸರಿಸಿದೆ. ದಿನಕ್ಕೆ ಇಪ್ಪತ್ತು ಸಲ ಮಡಚುವ ಜಾಗ ಅದು. ಕಂಬದ ತೂತಿನ ಅಂಚಲ್ಲಿ ರಬ್ಬರ್ ಕಳಚಿ ಬಂದಿತ್ತು. ಅಲ್ಲಿ ದಪ್ಪ ವೈರ್‌ನ ಸಿಪ್ಪೆ ಸೀಳಿ, ತಾಮ್ರ ಎದ್ದು, ಕಬ್ಬಿಣದ ಅಂಚಿಗೆ ಉಜ್ಜಿ ಕಪ್ಪಾಗಿತ್ತು. ಬೇಗಡೆಯ ಪುಣ್ಯದಿಂದ ಪಕ್ಕದ ಎರಡು ವೈರ್‌ಗಳ ಸಿಪ್ಪೆಯೂ ಮೆತ್ತಗಾಗಿ ಒಂದಕ್ಕೊಂದು ಅಂಟಿತ್ತು. ಮೋಟಾರ್ ಪಾಪ, ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಟೇಪ್ ಸುತ್ತಿ ಕಳಿಸುವವರಿದ್ದಾರೆ. ಮಡಚುವ ಜಾಗದಲ್ಲಿ ಟೇಪ್ ನಿಲ್ಲುವುದಿಲ್ಲ, ನಮ್ಮ ಬೇಸಿಗೆಗೆ ಅಂಟೂ ಇಳಿಯುತ್ತದೆ. ಬೆಸುಗೆ ಅಲ್ಲೇ ಬಂದರೆ ಗಟ್ಟಿಯಾಗಿ ಅದರ ಪಕ್ಕದಲ್ಲೇ ಮುರಿಯುತ್ತದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿ, ಬೂಟ್‌ನ ಎರಡೂ ಕಡೆ ಒಳಕ್ಕೆ ಹೋಗಿ, ಅದೇ ದಪ್ಪದ ಹೊಸ ಎಳೆ ವೈರ್ ಸೇರಿಸಿ, ಜಾಯಿಂಟ್‌ಗಳನ್ನು ಹಿಂದೆಮುಂದೆ ಇಟ್ಟು ಹೀಟ್ ಸ್ಲೀವ್ ಹಾಕಿದೆ. ರಬ್ಬರನ್ನು ತೂತಿಗೆ ಸರಿಯಾಗಿ ಕೂರಿಸಿದೆ. 30ರದೇ ಫ್ಯೂಸ್ ಹಾಕಿದೆ.

ಹಾರ್ನ್‌ನಲ್ಲೂ ಇದೇ ಬಲ್ಬ್. ಮೊದಲು ಫ್ಯೂಸ್ ಯಾವಾಗ ಹೋಗುತ್ತದೆ ಅಂತ ನೋಡಿ. ರಿಲೇ, ಅಂದರೆ ಒತ್ತಿದಾಗ ಹಾರ್ನ್‌ಗೆ ಕರೆಂಟ್ ಬಿಡುವ ಸ್ವಿಚ್ ಡಬ್ಬಿ, ಇರುವ ಗಾಡಿಯಲ್ಲಿ ಸುಮ್ನೆ ಹಾಕಿದ ಕೂಡ್ಲೇ ಹೋದರೆ ಸಾಮಾನ್ಯವಾಗಿ ತೊಂದರೆ ಫ್ಯೂಸಿಂದ ರಿಲೇವರೆಗೆ. ಒತ್ತಿದಾಗ ಮಾತ್ರ ಹೋದರೆ ರಿಲೇಯಿಂದ ಹಾರ್ನ್‌ವರೆಗಿನ ವೈರ್ ಅಥವಾ ಹಾರ್ನೇ. ಹಾರ್ನ್ ಕನೆಕ್ಟರ್ ಕಿತ್ತು ಒತ್ತಿ ನೋಡಿ. ಆಗಲೂ ಬಲ್ಬ್ ಉರಿದರೆ ವೈರ್, ಉರಿಯದಿದ್ದರೆ ಹಾರ್ನ್. ಬಂಪರ್ ಬಿಚ್ಚಿ ಹಾಕಿದ ಮೇಲೆ ಶುರುವಾದ ತೊಂದರೆಯಾದರೆ, ವೈರ್ ಎಲ್ಲೋ ಅಪ್ಪಚ್ಚಿಯಾಗಿರುತ್ತದೆ. ಸ್ಟೀರಿಂಗ್ ಒಳಗಿನ ಹಳದಿ ವೈರ್‌ಗಳಿಗೆ ಮಾತ್ರ ಬಲ್ಬ್ ತಾಗಿಸಬೇಡಿ, ಅವು ಏರ್‌ಬ್ಯಾಗ್‌ನವು. ಎಲೆಕ್ಟ್ರಾನಿಕ್ ಯೂನಿಟ್ ಮೂಲಕ ಹಾರ್ನ್ ನಡೆಯುವ ಹೊಸ ಗಾಡಿಗಳಲ್ಲಿ ಡಯಾಗ್ರಾಂ ನೋಡದೆ ನಾನೂ ಕೈ ಹಾಕುವುದಿಲ್ಲ.

ಹೋಗುವಾಗ ವ್ಯಾಪಾರಿ ಬೇಗಡೆ ಚೂರನ್ನು ಜೇಬಿಗೆ ಹಾಕಿಕೊಂಡರು. "ಯಾಕಣ್ಣಾರೆ?" ಅಂದೆ. "ಇದನ್ನ ಹಾಕು ಅಂದವನಿಗೆ ತೋರಿಸಬೇಕು" ಅಂದರು.