ಕಫದಲ್ಲಿ ರೋಗಾಣು ಕಾಣಲಿಲ್ಲ ಎಂದರೆ ಏನರ್ಥ?

ಎರಡು ವಾರ ದಾಟಿದ ಕೆಮ್ಮು, ಸಂಜೆಯ ಸಣ್ಣ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ಇಳಿಯುವ ತೂಕ: ಶ್ವಾಸಕೋಶದ ಕ್ಷಯದ ಈ ಲಕ್ಷಣಗಳು ಬಹುತೇಕರಿಗೆ ಗೊತ್ತಿವೆ. ನನ್ನ ತಾಳ್ಮೆ ಪರೀಕ್ಷಿಸುವವರು ರೋಗ ಪತ್ತೆಯಾಗದವರಲ್ಲ, ಎರಡು ತಿಂಗಳ ಚಿಕಿತ್ಸೆಯ ನಂತರ ಕಫ ಪರೀಕ್ಷೆಯಲ್ಲಿ 'ನೆಗೆಟಿವ್' ಬಂದವರು.

ಅವರಲ್ಲೊಬ್ಬರು ನಲವತ್ತರ ಆಸುಪಾಸಿನ ಬಡಗಿ. ಮೊದಲ ಬಾರಿ ಅವರು ಡಬ್ಬಿಯಲ್ಲಿ ತಂದದ್ದು ಬರಿಯ ಎಂಜಲು. ಬೆಳಿಗ್ಗೆ ಎದ್ದೊಡನೆ ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ತೆಗೆದ ಗಟ್ಟಿ ಕಫವೇ ಬೇಕೆಂದು ಹೇಳಿ ಕಳುಹಿಸಿದ ಮೇಲೆ ರೋಗಾಣು ಸಿಕ್ಕಿತು. ಎರಡು ತಿಂಗಳು ನಾಲ್ಕು ಔಷಧಿಗಳನ್ನು ತಪ್ಪದೆ ನುಂಗಿದರು. ಕೆಮ್ಮು ನಿಂತಿತು, ತೂಕ ಐದು ಕಿಲೋ ಏರಿತು, ಕಫದಲ್ಲಿ ಏನೂ ಕಾಣಲಿಲ್ಲ. ಮೂರನೆಯ ತಿಂಗಳಿನಿಂದ ಅವರೂ ಕಾಣಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ರೋಗಾಣು ಕಣ್ಣಿಗೆ ಬೀಳಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಿರಬೇಕು. ಅದಕ್ಕಿಂತ ಕಡಿಮೆಯಿದ್ದರೆ ವರದಿ ನೆಗೆಟಿವ್ ಬರಬಹುದು, ರೋಗಾಣು ಮಾತ್ರ ಒಳಗೇ ಇರುತ್ತದೆ. ವೇಗವಾಗಿ ವೃದ್ಧಿಸುವ ರೋಗಾಣುಗಳು ಔಷಧಿಗೆ ಬೇಗ ಸಾಯುತ್ತವೆ, ಕೆಮ್ಮು ಜ್ವರಗಳು ತಗ್ಗುವುದು ಅದರಿಂದಲೇ. ಆದರೆ ಕೆಲವು ಬಹುತೇಕ ನಿದ್ರಾವಸ್ಥೆಯಲ್ಲಿರುತ್ತವೆ. ಅವು ಎಚ್ಚರಗೊಂಡಾಗಲೆಲ್ಲ ಆ ನಾಲ್ಕು ಔಷಧಿಗಳಲ್ಲೊಂದಾದ ರಿಫಾಂಪಿಸಿನ್ ರಕ್ತದಲ್ಲಿ ಸಿದ್ಧವಾಗಿರಬೇಕು. ಸಾಮಾನ್ಯ ಕ್ಷಯಕ್ಕೆ ಇನ್ನೂ ನಾಲ್ಕು ತಿಂಗಳು ಚಿಕಿತ್ಸೆ ಮುಂದುವರಿಸುವುದು ಇದೇ ಕಾರಣಕ್ಕೆ. ಔಷಧಿಗೆ ಬಗ್ಗದ ಕ್ಷಯದಲ್ಲಿ ಔಷಧಿಗಳೂ ಅವಧಿಯೂ ಬೇರೆ. ಕಣ್ಣು ಹಳದಿಯಾದರೆ ಅಥವಾ ನಿಲ್ಲದ ವಾಂತಿಯಾದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಮಾತ್ರ ಗಾಬರಿ ಬೇಡ, ಅದು ರಿಫಾಂಪಿಸಿನ್ನಿನ ಬಣ್ಣ.

ಏಳು ತಿಂಗಳ ನಂತರ ಬಡಗಿ ಮರಳಿದಾಗ ಕಫದಲ್ಲಿ ರಕ್ತದ ಎಳೆಗಳಿದ್ದವು. ಜೀನ್‌ಎಕ್ಸ್‌ಪರ್ಟ್ ಯಂತ್ರ ಎರಡು ಗಂಟೆಯೊಳಗೆ ರೋಗಾಣುವನ್ನೂ ಅದು ರಿಫಾಂಪಿಸಿನ್ನಿಗೆ ಬಗ್ಗುತ್ತದೆಂಬುದನ್ನೂ ತಿಳಿಸಿತು. ಅವರು ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಬಿಟ್ಟಿದ್ದರಿಂದ ಹೀಗೆ ಪಾರಾಗಿರಬಹುದು. ಒಂದನ್ನು ನುಂಗಿ ಇನ್ನೊಂದನ್ನು ಬಿಡುವವರಲ್ಲಿ, ಕೆಮ್ಮು ಬಂದಾಗ ನಾಲ್ಕು ದಿನ ಮಾತ್ರೆ ತಿಂದು ಮತ್ತೆ ಮರೆಯುವವರಲ್ಲಿ, ಔಷಧಿಯನ್ನು ತಾಳಿಕೊಳ್ಳುವ ಕೆಲವೇ ರೋಗಾಣುಗಳು ಉಳಿದು ಬೆಳೆಯುತ್ತವೆ.

ಚಿಕಿತ್ಸೆ ಮೊದಲ ದಿನದಿಂದ ಶುರುವಾಯಿತು. ಆರನೆಯ ತಿಂಗಳ ಕೊನೆಗೆ ಅವರು ಕೊಟ್ಟ ಡಬ್ಬಿಯಲ್ಲಿ ಮತ್ತೆ ಎಂಜಲೇ ಇತ್ತು. "ಕೆಮ್ಮೇ ಇಲ್ಲ, ಡಾಕ್ಟ್ರೇ, ಕಫ ಎಲ್ಲಿಂದ ತರಲಿ?" ಎಂದರು. ಈ ಬಾರಿ ನಾನು ಗದರಲಿಲ್ಲ.