ಕೆಂಪು ಒಂದೇ, ನೋವು ಬೇರೆ: ಪೈಲ್ಸ್ ಮತ್ತು ಫಿಶರ್ ನಡುವಿನ ಎರಡು ಸೆಂಟಿಮೀಟರ್

"ಡಾಕ್ಟ್ರೇ, ನನಗೆ ಪೈಲ್ಸ್ ಆಗಿದೆ, ಒಂದು ಒಳ್ಳೆ ಆಯಿಂಟ್‌ಮೆಂಟ್ ಬರೆದುಕೊಡಿ" ಎಂದು ಆಕೆ ಕುರ್ಚಿಯ ತುದಿಯಲ್ಲಿ ಒಂದು ಪಕ್ಕಕ್ಕೆ ವಾಲಿ ಕೂತರು. ವಯಸ್ಸು 34, ಶಾಲೆಯಲ್ಲಿ ಪಾಠ ಮಾಡುತ್ತಾರೆ. ನಾಲ್ಕು ತಿಂಗಳಿಂದ ರಕ್ತ ಬರುತ್ತಿತ್ತು. ಹತ್ತಿರದಲ್ಲೇ ಒಂದು ಸಣ್ಣ ಗಂಟು ಕೈಗೆ ಸಿಗುತ್ತಿತ್ತು. ಹಾಗಾಗಿ ಇದು ಮೂಲವ್ಯಾಧಿಯೇ ಅಂತ ತಾವೇ ತೀರ್ಮಾನಿಸಿ, ಅಂಗಡಿಯಿಂದ ಪೈಲ್ಸ್ ಕ್ರೀಮ್ ತಂದು ಮೂರು ಟ್ಯೂಬ್ ಮುಗಿಸಿದ್ದರು. ನೋವು ಮಾತ್ರ ಕಡಿಮೆಯಾಗಿರಲಿಲ್ಲ.

ರಕ್ತದ ಬಣ್ಣ ಏನು ಅಂತ ಕೇಳಿದೆ. "ಕೆಂಪು, ತಾಜಾ ಕೆಂಪು" ಅಂದರು. ಮಲದ್ವಾರದಿಂದ ರಕ್ತ ಕಂಡವರು ಮೊದಲು ಹೇಳುವುದು ಬಣ್ಣವನ್ನೇ. ಪೈಲ್ಸ್ ಮತ್ತು ಫಿಶರ್, ಅಂದರೆ ಮಲದ್ವಾರದ ಬಿರುಕು, ಇವೆರಡನ್ನು ಬೇರೆ ಮಾಡಲು ಅದರಿಂದ ಏನೂ ಉಪಯೋಗವಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಸೋರಿದ ರಕ್ತ ಸಾಮಾನ್ಯವಾಗಿ ಗಂಟೆಗಟ್ಟಲೆ ಕರುಳಿನಲ್ಲಿ ಸಾಗಿ, ಅಲ್ಲಿ ಜೀರ್ಣವಾಗಿ, ಟಾರಿನಂತೆ ಕಪ್ಪಾಗಿ ಹೊರಬರುತ್ತದೆ. ಬಾಗಿಲ ಹತ್ತಿರವೇ ಸೋರಿದ್ದಕ್ಕೆ ಬಣ್ಣ ಬದಲಾಗಲು ಸಮಯವೇ ಇಲ್ಲ. ಪೈಲ್ಸ್ ಇರುವುದೂ ಬಾಗಿಲಲ್ಲೇ, ಫಿಶರ್ ಇರುವುದೂ ಬಾಗಿಲಲ್ಲೇ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಪೈಲ್ಸ್ ಅಂದರೆ ಊದಿದ ಅಶುದ್ಧ ರಕ್ತನಾಳ ಅಂತಲೇ ನಾವೆಲ್ಲ ಕೇಳಿರುವುದು. ಹಾಗಾದರೆ ರಕ್ತ ಕಡುಗೆಂಪಾಗಿರಬೇಕಿತ್ತು, ಅಲ್ವಾ? 1975ರಲ್ಲಿ ಥಾಮ್ಸನ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು ಈ ಜಾಗವನ್ನು ಬಿಡಿಸಿ ನೋಡಿ ಬೇರೆಯೇ ಚಿತ್ರ ಕೊಟ್ಟರು. ಗುದನಾಳದ ಒಳಗೆ ಎಲ್ಲರಿಗೂ ಮೆತ್ತನೆಯ ದಿಂಬುಗಳಿವೆ, ಹೆಚ್ಚಾಗಿ ಮೂರು. ಗಾಳಿ, ನೀರು ಸೋರದಂತೆ ಬಾಗಿಲನ್ನು ಒತ್ತಿ ಮುಚ್ಚಲು ಅವು ಬೇಕು. ಈ ದಿಂಬುಗಳಲ್ಲಿ ಶುದ್ಧ ರಕ್ತದ ನಾಳಗಳು ನೇರವಾಗಿ ಅಶುದ್ಧ ರಕ್ತದ ನಾಳಗಳಿಗೆ ಕೂಡಿಕೊಂಡಿರುತ್ತವೆ. ಅದಕ್ಕೇ ಅಲ್ಲಿಂದ ಬರುವುದು ತಾಜಾ ಕೆಂಪು. ದಿಂಬನ್ನು ಹಿಡಿದಿಟ್ಟ ಅಂಗಾಂಶ ಸಡಿಲವಾಗಿ ಅದು ಕೆಳಗೆ ಜಾರಿ ಊದಿಕೊಂಡಾಗ ನಾವು ಅದನ್ನು ಪೈಲ್ಸ್ ಅನ್ನುತ್ತೇವೆ.

ಬಣ್ಣ ಬಿಟ್ಟು ನಾನು ಕೇಳುವುದು ಎರಡೇ. ನೋವು ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆ? ರಕ್ತ ಎಲ್ಲಿ ಕಾಣುತ್ತದೆ?

ಈ ಎರಡು ಪ್ರಶ್ನೆಗಳ ಹಿಂದೆ ಒಂದು ಗೆರೆ ಇದೆ. ಮಲದ್ವಾರದ ಅಂಚಿನಿಂದ ಸುಮಾರು ಎರಡು ಸೆಂಟಿಮೀಟರ್ ಒಳಗೆ, ಗರಗಸದ ಹಲ್ಲಿನಂತೆ ಏರಿಳಿತವಾಗಿ ಸುತ್ತಲೂ ಹಾದುಹೋಗುವ ಇದನ್ನು ಡೆಂಟೇಟ್ ಲೈನ್ ಅನ್ನುತ್ತಾರೆ. ಗೆರೆಯ ಮೇಲಿರುವುದು ಕರುಳಿನ ಒಳಪದರ. ಅದಕ್ಕೆ ಹಿಗ್ಗಿದ್ದು, ಒತ್ತಿದ್ದು ಗೊತ್ತಾಗುತ್ತದೆ, ಕತ್ತರಿಸಿದ್ದು ಗೊತ್ತಾಗುವುದಿಲ್ಲ. ಗೆರೆಯ ಕೆಳಗಿರುವುದು ಚರ್ಮದ ಜಾತಿಯದು. ಬೆರಳ ತುದಿಯಷ್ಟೇ ಚುರುಕು. ಒಳಗಿನ ಪೈಲ್ಸ್ ಒಣಗಿ ಉದುರಲೆಂದು ಅದರ ಬುಡಕ್ಕೆ ನಾವು ರಬ್ಬರ್ ಬ್ಯಾಂಡ್ ಹಾಕುವಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಬ್ಯಾಂಡನ್ನು ಗೆರೆಗಿಂತ ಮೇಲೆ ಬಿಟ್ಟರೆ ಅರಿವಳಿಕೆ ಇಲ್ಲದೆಯೇ ರೋಗಿ ಮಾತಾಡುತ್ತಾ ಮಲಗಿರುತ್ತಾರೆ, ಸ್ವಲ್ಪ ಭಾರ ಅನಿಸುತ್ತದೆ ಅಷ್ಟೇ. ಸ್ವಲ್ಪ ಕೆಳಗೆ ಬಿಟ್ಟರೆ ನೋವಿಗೆ ಎದ್ದು ಕೂರುತ್ತಾರೆ, ತಕ್ಷಣ ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ.

ಒಳಗಿನ ಪೈಲ್ಸ್ ಹುಟ್ಟುವುದು ಗೆರೆಯ ಮೇಲೆ. ಹಾಗಾಗಿ ನೋವಿಲ್ಲದೆ ರಕ್ತ ಬರುತ್ತದೆ. ತಿಣುಕಿದಾಗ ದಿಂಬು ರಕ್ತ ತುಂಬಿಕೊಂಡು ಉಬ್ಬುತ್ತದೆ, ಮಲ ಉಜ್ಜಿಕೊಂಡು ಹೋಗುವಾಗ ಮೇಲಿನ ತೆಳು ಪದರ ತರಚುತ್ತದೆ. ಮಲ ಹೋದ ಮೇಲೆ ರಕ್ತ ತೊಟ್ಟು ತೊಟ್ಟಾಗಿ ಬೀಳುತ್ತದೆ, ಕೆಲವೊಮ್ಮೆ ಚಿಮ್ಮಿ ಕಮೋಡಿನ ಗೋಡೆಗೆ ಸಿಡಿಯುತ್ತದೆ. ಮಲದ ಮೇಲೆ ರಕ್ತ ಬಳಿದುಕೊಂಡಿರಬಹುದು, ಒಳಗೆ ಕಲಸಿಕೊಂಡಿರುವುದಿಲ್ಲ. ಕಮೋಡಿನ ನೀರು ಪೂರ್ತಿ ಕೆಂಪಾದದ್ದು ನೋಡಿ ಲೋಟಗಟ್ಟಲೆ ಹೋಯಿತು ಅಂತ ಬೆಚ್ಚಿಬೀಳುವವರಿದ್ದಾರೆ. ಒಂದೆರಡು ಚಮಚ ರಕ್ತವೂ ನೀರನ್ನು ಅಷ್ಟು ಕೆಂಪು ಮಾಡಬಲ್ಲದು. ಜೊತೆಗೆ ಏನೋ ಹೊರಗೆ ಬಂದಂತೆ ಅನಿಸುವುದು, ಒಳಉಡುಪು ಒದ್ದೆಯಾಗುವುದು, ತುರಿಕೆ, ಇವೂ ಪೈಲ್ಸ್ ಕಡೆಗೇ ಕೈ ತೋರಿಸುತ್ತವೆ.

ಫಿಶರ್ ಇರುವುದು ಗೆರೆಯ ಕೆಳಗೆ. ಅದು ಚರ್ಮದಲ್ಲಿ ಉದ್ದಕ್ಕೆ ಸೀಳಿದ ಒಂದು ಬಿರುಕು. ರಕ್ತ ಕಡಿಮೆ. ಒರೆಸಿಕೊಂಡ ಕಾಗದದ ಮೇಲೆ, ಅಥವಾ ತೊಳೆದುಕೊಂಡ ಕೈಗೆ ಒಂದಿಷ್ಟು ಹತ್ತುತ್ತದೆ. ಮಲದ ಒಂದೇ ಪಕ್ಕದಲ್ಲಿ ಪೆನ್ನಿನಲ್ಲಿ ಎಳೆದಂತೆ ಕೆಂಪು ಗೆರೆ ಇರುತ್ತದೆ, ಯಾಕೆಂದರೆ ಮಲ ಹೊರಬರುವಾಗ ಅದರ ಒಂದು ಬದಿ ಮಾತ್ರ ಬಿರುಕಿಗೆ ತಾಗುತ್ತದೆ. ನೋವು ಮಾತ್ರ ರಕ್ತದ ಲೆಕ್ಕಕ್ಕೆ ಸಿಗದಷ್ಟು ಜಾಸ್ತಿ.

ಶಿಕ್ಷಕಿಯನ್ನು ನೋವಿನ ಸಮಯ ಹೇಳಿ ಅಂತ ಕೇಳಿದಾಗ ಅವರು ಹೇಳಿದ್ದು ಹೀಗೆ. "ಹೋಗುವಾಗ ಗಾಜಿನ ಚೂರು ಕೊಯ್ದಂತೆ ಆಗುತ್ತೆ. ಎದ್ದ ಮೇಲೆ ಒಂದೈದು ನಿಮಿಷ ಪರವಾಗಿಲ್ಲ, ಮುಗೀತಪ್ಪಾ ಅನಿಸುತ್ತೆ. ಆಮೇಲೆ ಉರಿ, ಹಿಂಡಿದ ಹಾಗೆ. ಮೊದಲ ಎರಡು ಪೀರಿಯಡ್ ನಿಂತೇ ಪಾಠ ಮಾಡ್ತೀನಿ." ಅಂದರೆ ಸುಮಾರು ಎರಡು ಗಂಟೆ. ಅಷ್ಟು ಕೇಳುವಷ್ಟರಲ್ಲಿ ಇದು ಫಿಶರ್ ಅಂತ ನನಗೆ ಹೆಚ್ಚುಕಮ್ಮಿ ಖಾತ್ರಿಯಾಗಿತ್ತು.

ಮೊದಲ ನೋವು ಬಿರುಕು ಹಿಗ್ಗಿದ್ದರದು. ಎರಡನೆಯದು ಬಿರುಕಿನದಲ್ಲ, ಅದರ ಅಡಿಯಲ್ಲಿರುವ ಒಳಗಿನ ಬಿಗಿಸ್ನಾಯುವಿನದು. ಈ ಸ್ನಾಯು ನಮ್ಮ ಮಾತು ಕೇಳುವುದಿಲ್ಲ, ಹೊಟ್ಟೆ ಕರುಳಿನಂತೆ ತಾನಾಗಿಯೇ ಕೆಲಸ ಮಾಡುತ್ತದೆ. ಮೇಲೆ ಗಾಯ ಕೆರಳಿದಾಗ ಅದು ಬಿಗಿಹಿಡಿದು ಸೆಟೆದುಕೊಳ್ಳುತ್ತದೆ. ಕಾಲಿನ ಮೀನಖಂಡ ಹಿಡಿದುಕೊಂಡಾಗ ಎಷ್ಟು ನೋವು ಅಂತ ಅನುಭವಿಸಿದವರಿಗೆ ಗೊತ್ತು, ಇಲ್ಲಿ ಅದು ಗಂಟೆಗಟ್ಟಲೆ. ಬಿಗಿದ ಸ್ನಾಯು ತನ್ನೊಳಗಿಂದ ಚರ್ಮಕ್ಕೆ ಹೋಗುವ ಸಣ್ಣ ರಕ್ತನಾಳಗಳನ್ನೂ ಹಿಚುಕುತ್ತದೆ. ಬೆನ್ನುಮೂಳೆಯ ತುದಿಯ ಕಡೆ, ಹಿಂಬದಿಯ ನಟ್ಟನಡುವೆ ಮೊದಲೇ ರಕ್ತ ಪೂರೈಕೆ ಕಡಿಮೆ. ಫಿಶರ್‌ಗಳಲ್ಲಿ ಬಹುಪಾಲು ಅಲ್ಲೇ ಆಗುವುದಕ್ಕೂ, ಆದದ್ದು ಮಾಯದೆ ಉಳಿಯುವುದಕ್ಕೂ ಇದು ದೊಡ್ಡ ಕಾರಣ. ಅದರ ಮೇಲೆ ನೋವಿಗೆ ಹೆದರಿ ಜನ ಮಲ ತಡೆಯುತ್ತಾರೆ. ತಡೆದ ಮಲ ಗಟ್ಟಿಯಾಗಿ ಅದೇ ಜಾಗವನ್ನು ಮತ್ತೆ ಸೀಳುತ್ತದೆ.

ಹಾಗಾದರೆ ಶಿಕ್ಷಕಿಯ ಕೈಗೆ ಸಿಗುತ್ತಿದ್ದ ಗಂಟು? ಬಿರುಕು ಆರರಿಂದ ಎಂಟು ವಾರ ದಾಟಿ ಹಳೆಯದಾದಾಗ ಅದರ ಹೊರತುದಿಯಲ್ಲಿ ಚರ್ಮ ದಪ್ಪವಾಗಿ ಒಂದು ತುಣುಕು ಜೋಲುತ್ತದೆ. ನಾವು ಅದನ್ನು ಕಾವಲುಗಾರ ಎಂಬ ಅರ್ಥದಲ್ಲಿ ಸೆಂಟಿನಲ್ ಟ್ಯಾಗ್ ಅನ್ನುತ್ತೇವೆ. ರಕ್ತವೂ ಇದೆ, ಗಂಟೂ ಇದೆ ಅಂದಾಗ ಪೈಲ್ಸ್ ಅನಿಸುವುದು ಸಹಜ. ಆದರೆ ಒಳಗಿನ ಪೈಲ್ಸ್ ಮೆತ್ತಗಿರುವುದರಿಂದ ಬೆರಳಿಗೆ ಸಾಮಾನ್ಯವಾಗಿ ಸಿಗುವುದೇ ಇಲ್ಲ. ನೋಡಬೇಕೆಂದರೆ ಪ್ರೊಕ್ಟೊಸ್ಕೋಪ್ ಎಂಬ ಕೊಳವೆ ಬೇಕು.

ಆಕೆಗೆ ಕೊಳವೆ ಹಾಕಲಿಲ್ಲ. ಬೆರಳಿನ ಪರೀಕ್ಷೆಯನ್ನೂ ಅವತ್ತು ಮಾಡಲಿಲ್ಲ. ಅಷ್ಟು ನೋವಿರುವವರಿಗೆ ಬಲವಂತ ಮಾಡುವುದು ತಪ್ಪು, ಅದರ ಅಗತ್ಯವೂ ಇಲ್ಲ. ಪಕ್ಕಕ್ಕೆ ಮಲಗಿಸಿ ಎರಡೂ ಕಡೆ ನಿಧಾನವಾಗಿ ಬಿಡಿಸಿದರೆ ಬಿರುಕಿನ ಕೆಳತುದಿ ಕಾಣುತ್ತದೆ. ಹಿಂಬದಿಯ ನಡುವೆಯೇ ಇತ್ತು. ತಳದಲ್ಲಿ ಬಿಗಿಸ್ನಾಯುವಿನ ಬಿಳಿ ಎಳೆಗಳು ಕಾಣುತ್ತಿದ್ದವು, ಹೊರಗೆ ಆ ಚರ್ಮದ ತುಣುಕು.

ಈ ಲೆಕ್ಕ ಕೈಕೊಡುವ ಸಂದರ್ಭಗಳೂ ಇವೆ. ಪೈಲ್ಸ್ ನೋಯುವುದೇ ಇಲ್ಲ ಅಂತಲ್ಲ. ಗೆರೆಯ ಕೆಳಗೆ ಹುಟ್ಟುವ ಹೊರಗಿನ ಪೈಲ್ಸ್‌ನಲ್ಲಿ ರಕ್ತ ಹೆಪ್ಪುಗಟ್ಟಿದರೆ ದಿಢೀರನೆ ನೀಲಿ ಬಣ್ಣದ ಗಟ್ಟಿ ಗುಳ್ಳೆ ಏಳುತ್ತದೆ. ಆ ನೋವಿಗೆ ಮಲ ಹೋಗುವುದರ ಹಂಗಿಲ್ಲ, ಕೂತರೂ ನಿಂತರೂ ಇರುತ್ತದೆ. ಮೊದಲ ಎರಡು ಮೂರು ದಿನ ವಿಪರೀತ, ಆಮೇಲೆ ತಾನಾಗಿ ಇಳಿಯುತ್ತದೆ. ಇಳಿಯುವ ಬದಲು ಏರುತ್ತಲೇ ಹೋಗಿ, ಟಕಟಕ ಮಿಡಿಯುತ್ತಾ ಜ್ವರವೂ ಬಂದರೆ ಅದು ಕೀವುಗಟ್ಟಿದ ಕುರು ಇರಬಹುದು, ಅದೇ ದಿನ ತೋರಿಸಬೇಕು. ಬಿರುಕು ನಡುವೆ ಇರದೆ ಪಕ್ಕದಲ್ಲಿದ್ದರೆ, ಅಥವಾ ಹಲವು ಇದ್ದರೆ, ಕರುಳಿನಲ್ಲಿ ಉರಿಯೂತ ತರುವ ಕ್ರೋನ್ಸ್ ಕಾಯಿಲೆ, ಕ್ಷಯದಂಥ ಬೇರೆ ಕಾರಣ ಹುಡುಕುತ್ತೇವೆ. ಪೈಲ್ಸ್ ಮತ್ತು ಫಿಶರ್ ಎರಡೂ ಒಬ್ಬರಲ್ಲೇ ಇರುವುದೂ ಉಂಟು.

ನನಗೆ ನಿಜವಾಗಿ ಭಯವಾಗುವುದು ನೋವಿಲ್ಲದ ಕೆಂಪು ರಕ್ತದ ಬಗ್ಗೆ. "ನೋವಿಲ್ಲ, ಹಾಗಾಗಿ ಪೈಲ್ಸೇ" ಅಂತ ವರ್ಷಗಟ್ಟಲೆ ಸುಮ್ನೆ ಇದ್ದುಬಿಡುವವರಿದ್ದಾರೆ. ಗುದನಾಳದ ಮೇಲಿರುವ ಮಲಾಶಯದಲ್ಲಿ ಗೆಡ್ಡೆ ಬೆಳೆದರೆ ಅದೂ ಡೆಂಟೇಟ್ ಲೈನ್‌ನ ಮೇಲೆಯೇ, ಅಂದರೆ ನೋಯದ ಜಾಗದಲ್ಲೇ ಇರುತ್ತದೆ. ಬಾಗಿಲಿಗೆ ಹತ್ತಿರವಾದ್ದರಿಂದ ರಕ್ತವೂ ತಾಜಾ ಕೆಂಪಾಗಿಯೇ ಇರಬಹುದು. ಪೈಲ್ಸ್ ಇದೆ ಅಂತ ಕೊಳವೆಯಲ್ಲಿ ಕಂಡರೂ ಮೇಲೆ ಇನ್ನೊಂದು ಇಲ್ಲ ಅಂತ ಹೇಳಲಾಗದು. ರಕ್ತ ಮಲದೊಳಗೆ ಕಲಸಿಕೊಂಡಿದ್ದರೆ, ಲೋಳೆಯ ಜೊತೆ ಬಂದರೆ, ಮಲದ ಅಭ್ಯಾಸವೇ ವಾರಗಟ್ಟಲೆ ಬದಲಾಗಿದ್ದರೆ, ಹೋಗಿ ಬಂದ ಮೇಲೂ ಇನ್ನೂ ಇದೆ ಅನಿಸಿದರೆ, ತೂಕ ಇಳಿದರೆ, ರಕ್ತಹೀನತೆ ಕಂಡರೆ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡಲೇಬೇಕು. ವಯಸ್ಸು 45 ದಾಟಿದ್ದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಈ ಉಳಿದ ಲಕ್ಷಣಗಳಿಗಾಗಿ ಕಾಯುವುದೂ ಬೇಡ.

ಶಿಕ್ಷಕಿಗೆ ಪೈಲ್ಸ್ ಕ್ರೀಮ್ ನಿಲ್ಲಿಸಿದೆವು. ಅವರ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇತ್ತು. ಅದು ಬಿಗಿದ ಸ್ನಾಯುವನ್ನು ಸಡಿಲ ಮಾಡುವುದಿಲ್ಲ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನೂ ತೆಳುವಾಗಿಸುತ್ತದೆ. ಮಲ ಮೆತ್ತಗಾಗಲು ನಾರಿನ ಪುಡಿ, ಜೊತೆಗೆ ಸಾಕಷ್ಟು ನೀರು. ಮಲ ಹೋದ ಕೂಡಲೇ, ಆ ಎರಡನೇ ಅಲೆ ಏಳುವ ಮೊದಲೇ, ಬೆಚ್ಚಗಿನ ನೀರಿನ ಬೋಗುಣಿಯಲ್ಲಿ 10ರಿಂದ 15 ನಿಮಿಷ ಕೂರುವುದು. ದಿನಕ್ಕೆ ಎರಡು ಸಲ 2% ಡಿಲ್ಟಿಯಾಜೆಮ್ ಮುಲಾಮು. ಅದು ಸ್ನಾಯುವನ್ನು ಸಡಿಲಿಸಿ ಬಿರುಕಿಗೆ ರಕ್ತ ಹರಿಯಲು ಬಿಡುತ್ತದೆ. ಇದೇ ಕೆಲಸ ಮಾಡುವ ನೈಟ್ರೊಗ್ಲಿಸರಿನ್ ಮುಲಾಮು ಕೂಡ ಇದೆ, ಆದರೆ ಅದರಿಂದ ತಲೆನೋವು ಬರುವುದು ಹೆಚ್ಚು. ಎಂಟು ವಾರದಲ್ಲಿ ಮಾಯದಿದ್ದರೆ ಬೊಟಾಕ್ಸ್ ಚುಚ್ಚುಮದ್ದು ಇಲ್ಲವೇ ಸಣ್ಣ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸೋಣ ಅಂದಿದ್ದೆ.

ನೋವಿನ ನಿಮಿಷಗಳನ್ನು ಡೈರಿಯ ಮೂಲೆಯಲ್ಲಿ ಬರೆದಿಡಿ ಅಂತ ಹೇಳಿದ್ದೆ. ಎರಡನೇ ವಾರಕ್ಕೆ 120 ಇದ್ದದ್ದು 40 ಆಗಿತ್ತು. ನಾಲ್ಕನೇ ವಾರಕ್ಕೆ 10, ಕಾಗದದ ಮೇಲಿನ ರಕ್ತ ಆಗಲೇ ನಿಂತಿತ್ತು. ಏಳನೇ ವಾರ ಬಂದಾಗ ನೋವಿಲ್ಲದೆ ಬೆರಳಿನ ಪರೀಕ್ಷೆ ಮಾಡಿ, ಕೊಳವೆಯಲ್ಲೂ ನೋಡಿದೆ. ಬಿರುಕಿನ ಜಾಗದಲ್ಲಿ ತೆಳುವಾದ ಹೊಸ ಚರ್ಮ, ಒಳಗೆ ದಿಂಬುಗಳು ಇರಬೇಕಾದ ಹಾಗೇ ಇದ್ದವು. ಹೊರಗಿನ ಆ ತುಣುಕು ಮಾತ್ರ ಹೋಗಿರಲಿಲ್ಲ. "ಇದನ್ನ ತೆಗೀಬೇಕಾ ಡಾಕ್ಟ್ರೇ?" ಅಂತ ಕೇಳಿದರು. ಬೇಡ, ಅದು ಬರೀ ಚರ್ಮ ಅಂದೆ.