ಬ್ರೀಫಿಂಗ್ ನೋಟ್: ಹೊಸ ಟೀಮ್ ಲೀಡ್ ಕೈಗೆ ಕೊಡುವ ಎರಡು ಪುಟ

ಸರ್ಕಾರಿ ಕಚೇರಿಯಲ್ಲಿ ವರ್ಗಾವಣೆ ಆದಾಗ 'ಚಾರ್ಜ್ ಕೊಡೋದು, ಚಾರ್ಜ್ ತಗೊಳ್ಳೋದು' ಅಂತ ಒಂದು ಕೆಲಸ ಇರುತ್ತದೆ. ಎಷ್ಟು ಕಡತ, ಯಾವ ಬೀರು, ಎಷ್ಟು ಕೀಲಿ, ಎಲ್ಲ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕುತ್ತಾರೆ. ಬೀರುವಿನಲ್ಲಿ ಏನಿದೆ ಎಂದು ಆ ಪಟ್ಟಿ ಹೇಳುತ್ತದೆ. ಅದರಲ್ಲಿ ಯಾವ ಕಡತ ಮುಂದಿನ ವಾರ ಕುತ್ತಿಗೆಗೆ ಬರುತ್ತದೆ ಎಂದು ಹೇಳುವುದಿಲ್ಲ. ಆ ಎರಡನೇ ಮಾತು ಹೇಳುವ ಕಾಗದವೇ ಬ್ರೀಫಿಂಗ್ ನೋಟ್.

ಬ್ರೀಫ್ ಅಂದರೆ ಚಿಕ್ಕದು. ಹಾಗಂತ ಎಲ್ಲ ಕಾಗದವನ್ನು ಕುಗ್ಗಿಸಿ ಬರೆದರೆ ಅದು ಬ್ರೀಫಿಂಗ್ ನೋಟ್ ಆಗುವುದಿಲ್ಲ, ಬರೀ ಸಾರಾಂಶ ಆಗುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದನ್ನು ಹ್ಯಾಂಡೋವರ್ ಡಾಕ್ಯುಮೆಂಟ್ ಜೊತೆ ಕಲಸಿಬಿಡುವುದೇ ಜಾಸ್ತಿ. ಹ್ಯಾಂಡೋವರ್ ಅಂದರೆ ಪಾಸ್‌ವರ್ಡ್, ಸರ್ವರ್ ವಿಳಾಸ, ಯಾರು ಯಾವ ಮಾಡ್ಯೂಲ್ ನೋಡುತ್ತಾರೆ ಎಂಬುದು. ಅದು 40 ಪುಟ ಆದರೂ ಪರವಾಗಿಲ್ಲ, ಬೇಕಾದಾಗ ಹುಡುಕಿ ನೋಡುವಂಥದ್ದು. ಬ್ರೀಫಿಂಗ್ ನೋಟ್ ಮಾತ್ರ ಗ್ರಾಹಕರ ಜೊತೆ ಮೊದಲ ಕಾಲ್‌ಗೆ ಕೂರುವ ಮುಂಚೆ ಒಂದೇ ಸಲಕ್ಕೆ ಓದಿ ಮುಗಿಸುವಂಥದ್ದು.

ಇದನ್ನು ಕಟ್ಟಲು ಮೂರು ಬಗೆಯ ಕಾಗದ ಬೇಕು. ಕರಾರು ನಾವು ಏನು ಮಾಡುತ್ತೇವೆ ಎಂದು ಒಪ್ಪಿದ್ದೇವೆ ಎಂಬುದನ್ನು ಹೇಳುತ್ತದೆ. ಪ್ರಾಜೆಕ್ಟ್ ಫೈಲು, ಅಂದರೆ ವಾರದ ವರದಿ, ಮೀಟಿಂಗ್ ಟಿಪ್ಪಣಿ, ಮೇಲ್‌ಗಳು, ಏನು ನಡೆದಿದೆ ಎಂದು ನಾವು ನಮಗೇ ಹೇಳಿಕೊಂಡ ಕಥೆ. ದೋಷ, ದೂರುಗಳನ್ನು ದಾಖಲಿಸುವ ಟ್ರ್ಯಾಕರ್‌ನಲ್ಲಿ ಇನ್ನೂ ತೆರೆದೇ ಇರುವ ಇಶ್ಯೂಗಳು, ಎಲ್ಲಿ ನೋಯುತ್ತಿದೆ ಎಂಬುದರ ಪಟ್ಟಿ. ಈ ಮೂರನ್ನೂ ಬೇರೆ ಬೇರೆ ಓದಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಪಕ್ಕಪಕ್ಕ ಇಟ್ಟಾಗ ಮಾತ್ರ ಒಂದಕ್ಕೊಂದು ಹೊಂದದಿರುವುದು ಗೊತ್ತಾಗುತ್ತದೆ. ಆ ಹೊಂದದ ಜಾಗಗಳನ್ನು ಬರೆದರೆ ಅದೇ ಬ್ರೀಫಿಂಗ್ ನೋಟ್.

ಲೆಕ್ಕಕ್ಕೆ ಒಂದು ಪ್ರಾಜೆಕ್ಟ್ ಇಟ್ಟುಕೊಳ್ಳೋಣ. ಗ್ರಾಹಕರು ಔಷಧಿ ಸಗಟು ವ್ಯಾಪಾರದವರು, ಹಲವು ಗೋದಾಮುಗಳಿವೆ. ಅವರ ದಾಸ್ತಾನು ತಂತ್ರಾಂಶವನ್ನು ನೋಡಿಕೊಳ್ಳುವುದು ನಮ್ಮ ಒಂಬತ್ತು ಜನರ ತಂಡ. ಅದರ ಜೊತೆಗೆ ಹೊಸದಾಗಿ ಬಾರ್‌ಕೋಡ್ ಮಾಡ್ಯೂಲ್ ಒಂದನ್ನು ಕಟ್ಟಿಕೊಟ್ಟಿದ್ದೇವೆ. ಹಳೆಯ ಲೀಡ್ ಬೇರೆ ಪ್ರಾಜೆಕ್ಟಿಗೆ ಹೋದರು. ಹೊಸಬರು 2025ರ ಜೂನ್ 23, ಸೋಮವಾರ ಬರುತ್ತಾರೆ.

ಮೊದಲು ವಾರದ ವರದಿ ತೆಗೆಯೋಣ. ಜೂನ್ 20ರ ವರದಿಯಲ್ಲಿ ಬಾರ್‌ಕೋಡ್ ಮಾಡ್ಯೂಲಿನ ಮುಂದೆ ಹಸಿರು ಬಣ್ಣ. 'ಯುಎಟಿ ಮುಗಿದಿದೆ, ಇನ್‌ವಾಯ್ಸ್ ಕಳಿಸಬಹುದು' ಎಂದು ಬರೆದಿದೆ. ಯುಎಟಿ ಅಂದರೆ ಗ್ರಾಹಕರೇ ಬಳಸಿ ನೋಡಿ ಒಪ್ಪುವ ಪರೀಕ್ಷೆ. ಸುಮ್ನೆ ಸಾರಾಂಶ ಮಾಡುವವರು ಇಷ್ಟನ್ನು ನಕಲು ಮಾಡಿ ಮುಂದೆ ಹೋಗುತ್ತಾರೆ.

ಈಗ ಕರಾರು. ಈ ಹಂತದ ಕೊನೆಯ ಕಂತು 18 ಲಕ್ಷ ರೂಪಾಯಿ, ಗ್ರಾಹಕರು ಒಪ್ಪಿಗೆ ಕೊಟ್ಟ ಮೇಲೆ. ಒಪ್ಪಿಗೆಗೆ ಎರಡು ದಾರಿ ಬರೆದಿದೆ. ಒಂದು, ಅವರು ಸಹಿ ಹಾಕಿದ ಪತ್ರ. ಇನ್ನೊಂದು, ನಾವು ಪರೀಕ್ಷೆಗೆ ಕೊಟ್ಟ ಮೇಲೆ 10 ಕೆಲಸದ ದಿನಗಳೊಳಗೆ ಅವರು ಬರಹದಲ್ಲಿ ದೋಷ ತಿಳಿಸದಿದ್ದರೆ ತಾನಾಗಿಯೇ ಒಪ್ಪಿದಂತೆ. ನಾವು ಕೊಟ್ಟಿದ್ದು ಜೂನ್ 3, ಮಂಗಳವಾರ. ಶನಿವಾರ, ಭಾನುವಾರ ಬಿಟ್ಟು ಮಾರನೇ ದಿನದಿಂದ ಎಣಿಸಿದರೆ ಹತ್ತನೇ ದಿನ ಜೂನ್ 17. ಸಹಿ ಮಾಡಿದ ಪತ್ರ ಫೈಲಿನಲ್ಲಿ ಎಲ್ಲೂ ಇಲ್ಲ. ಅಂದರೆ ಹಳೆಯ ಲೀಡ್ ಎರಡನೇ ದಾರಿಯನ್ನು ನೆಚ್ಚಿಕೊಂಡು ಹಸಿರು ಹಾಕಿದ್ದಾರೆ.

ಕೊನೆಗೆ ಟ್ರ್ಯಾಕರ್. ಅಲ್ಲಿ `INV-214` ಅಂತ ಒಂದು ಇಶ್ಯೂ ಇದೆ. ಒಬ್ಬ ಸರಬರಾಜುದಾರರ ಡಬ್ಬಗಳನ್ನು ಸ್ಕ್ಯಾನ್ ಮಾಡಿದರೆ ಬ್ಯಾಚ್ ನಂಬರ್ ಬರುತ್ತಿಲ್ಲ, ಗೋದಾಮಿನವರು ಕೈಯಲ್ಲಿ ಟೈಪ್ ಮಾಡುತ್ತಿದ್ದಾರೆ. ತೆರೆದ ದಿನ ಜೂನ್ 12. ಕೆಳಗೆ ಗೋದಾಮಿನ ಮ್ಯಾನೇಜರ್ ಕಳಿಸಿದ ಮೇಲ್ ಅಂಟಿಸಿದೆ. ಮರುದಿನ ಹಳೆಯ ಲೀಡ್ ಸ್ಕ್ರೀನ್‌ಶಾಟ್ ಕೇಳಿ, ಇಶ್ಯೂವನ್ನು 'ಗ್ರಾಹಕರ ಉತ್ತರಕ್ಕೆ ಕಾಯುತ್ತಿದೆ' ಎಂಬ ಸ್ಥಿತಿಗೆ ಹಾಕಿದ್ದಾರೆ. ಆದ್ಯತೆ 'ಮೀಡಿಯಂ'. ಹಾಗಾಗಿ ವಾರದ ವರದಿ ತಯಾರಿಸುವ ಫಿಲ್ಟರ್‌ಗೆ ಅದು ಸಿಕ್ಕೇ ಇಲ್ಲ.

ಈಗ ಗಂಟು ಕಾಣಿಸಿತು ಅಲ್ವಾ? ಜೂನ್ 12 ಅಂದರೆ ಹತ್ತು ದಿನದ ಗಡುವಿನ ಒಳಗೇ. ಆ ಮೇಲ್ ಬರಹದಲ್ಲಿ ತಿಳಿಸಿದ ದೋಷ ಎಂದಾದರೆ ಒಪ್ಪಿಗೆ ಆಗಿಲ್ಲ, 18 ಲಕ್ಷ ಕೇಳುವ ಹಕ್ಕು ನಮಗೆ ಇನ್ನೂ ಬಂದಿಲ್ಲ. ಆದರೆ ದೋಷವನ್ನು ಗ್ರಾಹಕರ ಪ್ರಾಜೆಕ್ಟ್ ಮ್ಯಾನೇಜರ್ ತಿಳಿಸಬೇಕು ಎಂದು ಕರಾರಿನಲ್ಲಿದೆ, ಗೋದಾಮಿನ ಮ್ಯಾನೇಜರ್ ಅಲ್ಲ. ಹಾಗಾದರೆ ಮೇಲ್ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಇದಕ್ಕೆ ನೋಟ್ ಬರೆಯುವವರು ತೀರ್ಪು ಕೊಡಬಾರದು. ಅದು ಕಾನೂನು ವಿಭಾಗದವರ ಕೆಲಸ, ಜೊತೆಗೆ ಗ್ರಾಹಕರ ಸಂಬಂಧ ನೋಡಿಕೊಳ್ಳುವ ಮ್ಯಾನೇಜರ್ ಕೆಲಸ. ನೋಟ್‌ನಲ್ಲಿ ಇಷ್ಟು ಸಾಕು:

'ಬಾರ್‌ಕೋಡ್ ಮಾಡ್ಯೂಲ್ ಒಪ್ಪಿಗೆ ಖಚಿತವಿಲ್ಲ. ಜೂನ್ 20ರ ವರದಿ ಮುಗಿದಿದೆ ಎನ್ನುತ್ತದೆ. ಸಹಿ ಮಾಡಿದ ಪತ್ರ ಸಿಕ್ಕಿಲ್ಲ. ಜೂನ್ 12ಕ್ಕೆ ಗೋದಾಮಿನಿಂದ ದೋಷದ ಮೇಲ್ ಬಂದಿದೆ (`INV-214`), ಗಡುವು ಜೂನ್ 17. ಮೇಲ್ ಕಳಿಸಿದವರು ಕರಾರಿನಲ್ಲಿ ಹೇಳಿದ ವ್ಯಕ್ತಿ ಅಲ್ಲ. ತೀರ್ಮಾನವಾಗುವವರೆಗೆ ಕಾಲ್‌ನಲ್ಲಿ "ಯುಎಟಿ ಮುಗಿದಿದೆ" ಎನ್ನಬೇಡಿ. 18 ಲಕ್ಷದ ಇನ್‌ವಾಯ್ಸ್ ತಡೆಹಿಡಿಯಬೇಕೇ ಎಂದು ಇವತ್ತೇ ಕೇಳಿ.'

ಆರೇಳು ಸಾಲು. ಪ್ರತಿ ಮಾತಿಗೂ ಎಲ್ಲಿಂದ ಬಂತು ಎಂಬ ಗುರುತಿದೆ. ಗೊತ್ತಿರುವುದು ಯಾವುದು, ಗೊತ್ತಿಲ್ಲದಿರುವುದು ಯಾವುದು ಎಂದು ಬೇರೆ ಮಾಡಿದೆ. ಹೊಸ ಲೀಡ್ ಏನು ಹೇಳಬಾರದು ಎಂದೂ ಇದೆ. ನನ್ನ ಪ್ರಕಾರ ಆ ಕೊನೆಯ ಮಾತೇ ನೋಟ್‌ಗೆ ಬೆಲೆ ತರುವುದು. ಹೊಸಬರು ಹುರುಪಿನಲ್ಲಿ ಮೊದಲ ಕಾಲ್‌ನಲ್ಲಿ ಆಡುವ ಮಾತು ಗ್ರಾಹಕರ ಮೀಟಿಂಗ್ ಟಿಪ್ಪಣಿಯಲ್ಲಿ ಕೂತುಬಿಡುತ್ತದೆ, ಆಮೇಲೆ ಅದನ್ನು ಹಿಂದಕ್ಕೆ ತಗೊಳ್ಳೋದು ಕಷ್ಟ.

ಇದೇ ಪ್ರಾಜೆಕ್ಟಿನಲ್ಲಿ ಇನ್ನೊಂದು ಗಂಟು ತಾರೀಖಿನದು. ನಿರ್ವಹಣೆಯ ಕರಾರು ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ತಂಡದ ಕ್ಯಾಲೆಂಡರಿನಲ್ಲಿ ಗುರುತು ಹಾಕಿರುವುದೂ ಅದೇ ದಿನ. ಆದರೆ ಮುಗಿಯುವ ದಿನ ಅಷ್ಟು ಮುಖ್ಯವಲ್ಲ. ಅದಕ್ಕೆ ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು ಎಂಬುದು ಮುಖ್ಯ. ಮೂಲ ಕರಾರಿನ ಪ್ರಕಾರ 60 ದಿನ ಮುಂಚೆ ಬರಹದಲ್ಲಿ ತಿಳಿಸದಿದ್ದರೆ ಹಳೆಯ ದರದಲ್ಲೇ ಇನ್ನೊಂದು ವರ್ಷ ಮುಂದುವರಿಯುತ್ತದೆ. ಹಿಂದಕ್ಕೆ ಎಣಿಸಿದರೆ ಆಗಸ್ಟ್ 1. ಇನ್ನೂ ಒಂದು ತಿಂಗಳಿಗಿಂತ ಜಾಸ್ತಿ ಇದೆ, ನೆಮ್ಮದಿ.

ಆದರೆ ಬೇರೆ ಫೋಲ್ಡರಿನಲ್ಲಿ ತಿದ್ದುಪಡಿ ಅಂತ ಒಂದೂವರೆ ಪುಟದ ಪಿಡಿಎಫ್ ಸಿಗುತ್ತದೆ. ಎರಡೂ ಕಡೆಯವರ ಸಹಿ ಇದೆ. ಅದು ಬಂದಿದ್ದು ಬೇರೆ ಕಾರಣಕ್ಕೆ, ಇನ್ನೆರಡು ಗೋದಾಮು ಸೇರಿಸಲು. ಅದರ ಕೊನೆಯ ಸಾಲಿನಲ್ಲಿ ನೋಟಿಸ್ ಅವಧಿ 90 ದಿನ ಎಂದು ಬದಲಾಗಿದೆ. ಸೆಪ್ಟೆಂಬರ್ 30ರಿಂದ 90 ದಿನ ಹಿಂದಕ್ಕೆ ಹೋದರೆ ಜುಲೈ 2. ಹೊಸ ಲೀಡ್ ಬರುವುದು ಜೂನ್ 23ಕ್ಕೆ. ಕೈಯಲ್ಲಿರುವುದು ಒಂಬತ್ತು ದಿನ! ಇತ್ತ ಮಾರ್ಚ್ ತಿಂಗಳ ಒಂದು ಮೀಟಿಂಗ್ ಟಿಪ್ಪಣಿಯಲ್ಲಿ, ಈ ಸಲ ದರ ಹೆಚ್ಚಿಸಲು ಕೇಳಬೇಕು ಎಂದು ನಮ್ಮವರೇ ತೀರ್ಮಾನಿಸಿದ್ದಾರೆ. ಯಾರು ಕೇಳಬೇಕು ಎಂದು ಬರೆದಿಲ್ಲ. ಟ್ರ್ಯಾಕರಿನಲ್ಲಿ ಇದಕ್ಕೆ ಇಶ್ಯೂ ಇಲ್ಲ, ಯಾಕೆಂದರೆ ಯಾರಿಗೂ ಇದು ತಾಂತ್ರಿಕ ಕೆಲಸ ಅನ್ನಿಸಲಿಲ್ಲ.

ಅದಕ್ಕೇ ಕರಾರು ಅಂದರೆ ಒಂದೇ ಕಾಗದ ಎಂದುಕೊಳ್ಳಬಾರದು. ಮೂಲ ಕರಾರು, ಆಯಾ ಹಂತದ ಕೆಲಸದ ವಿವರ, ಅನುಬಂಧ, ತಿದ್ದುಪಡಿ, ಒಪ್ಪಿಕೊಂಡ ಚೇಂಜ್ ರಿಕ್ವೆಸ್ಟ್, ಎಲ್ಲ ಸೇರಿದರೆ ಕರಾರು. ಇವು ಒಂದಕ್ಕೊಂದು ಹೊಂದದಿದ್ದಾಗ ಯಾವುದು ಮೇಲು ಎಂದು ಹೇಳುವ ಕಲಮು ಸಾಮಾನ್ಯವಾಗಿ ಮೂಲ ಕರಾರಿನಲ್ಲೇ ಇರುತ್ತದೆ. ಓದಲು ಶುರು ಮಾಡಬೇಕಾದ್ದು ಅಲ್ಲಿಂದ. ಆಮೇಲೆ ಕಾಗದಗಳನ್ನು ಸಹಿಯಾದ ತಾರೀಖಿನ ಸಾಲಿನಲ್ಲಿ ಜೋಡಿಸಿ, ಹೊಸದರಿಂದ ಹಿಂದಕ್ಕೆ ಓದಬೇಕು. ಸಹಿ ಇಲ್ಲದ ಪ್ರತಿ ಎಷ್ಟೇ ಚೆನ್ನಾಗಿದ್ದರೂ ಕರಡು ಎಂದೇ ನೋಟ್‌ನಲ್ಲಿ ಬರೆಯಬೇಕು. 'ಫೈನಲ್' ಎಂದು ಹೆಸರಿಟ್ಟ ಫೈಲನ್ನು ಮಾತ್ರ ನಂಬಲೇಬೇಡಿ. ನಾನು ಒಂದೇ ಫೋಲ್ಡರಿನಲ್ಲಿ ನಾಲ್ಕು ಫೈನಲ್ ನೋಡಿದ್ದೇನೆ, ಸಹಿ ಆಗಿದ್ದು ಐದನೆಯದಕ್ಕೆ.

ಇಶ್ಯೂಗಳ ವಿಷಯದಲ್ಲೂ ಒಂದು ಮಾತು. ತೆರೆದಿರುವ 60 ಇಶ್ಯೂಗಳನ್ನೂ ನೋಟ್‌ಗೆ ತಂದು ಸುರಿದರೆ ಯಾರೂ ಓದುವುದಿಲ್ಲ. ಟ್ರ್ಯಾಕರ್ ಹಾಕಿದ ಆದ್ಯತೆಯ ಪ್ರಕಾರ ಆರಿಸಿದರೂ ತಪ್ಪುತ್ತೀರಿ, `INV-214` 'ಮೀಡಿಯಂ' ಆಗಿತ್ತಲ್ಲ. ಪ್ರತಿ ಇಶ್ಯೂಗೂ ಎರಡು ಪ್ರಶ್ನೆ ಹಾಕಿ. ಇದರಿಂದ ಯಾವುದಾದರೂ ಕಂತು, ದಂಡ ಅಥವಾ ಗಡುವು ಅಲುಗಾಡುತ್ತದಾ? ಇದು ದೋಷವೋ, ಕರಾರಿನಲ್ಲಿಲ್ಲದ ಹೊಸ ಬೇಡಿಕೆಯೋ ಎಂಬ ತಕರಾರು ಬರುತ್ತದಾ? ಎರಡಕ್ಕೂ 'ಇಲ್ಲ' ಎಂಬ ಉತ್ತರ ಬಂದರೆ ಆ ಇಶ್ಯೂ ಟ್ರ್ಯಾಕರಿನಲ್ಲೇ ಇರಲಿ. ಸಾಮಾನ್ಯವಾಗಿ ನಾಲ್ಕೈದು ಮಾತ್ರ ಉಳಿಯುತ್ತವೆ. 'ಗ್ರಾಹಕರ ಉತ್ತರಕ್ಕೆ ಕಾಯುತ್ತಿದೆ' ಎಂಬ ಸ್ಥಿತಿಯಲ್ಲಿ ವಾರಗಟ್ಟಲೆ ಕೂತಿರುವ ಇಶ್ಯೂಗಳನ್ನು ಮಾತ್ರ ತಪ್ಪದೆ ತೆರೆದು ನೋಡಿ. ಎಷ್ಟೋ ಸಲ ಉತ್ತರ ಬೇರೆಯವರ ಇನ್‌ಬಾಕ್ಸಿಗೆ ಬಂದು ಬಿದ್ದಿರುತ್ತದೆ.

ಕಾಗದದಲ್ಲಿ ಸಿಗದ ಸಂಗತಿಗೆ ಹಳೆಯ ಲೀಡ್ ಜೊತೆ ಅರ್ಧ ಗಂಟೆ ಕೂರಬೇಕು, ಅದೂ ನೋಟ್‌ನ ಮೊದಲ ಕರಡು ಆದ ಮೇಲೆ. ಮೊದಲೇ ಹೋದರೆ ಅವರ ಕಥೆಯನ್ನೇ ಕೇಳಿಕೊಂಡು ಬರುತ್ತೀರಿ. ಕರಡು ಹಿಡಿದು ಹೋದರೆ 'ಜೂನ್ 13ಕ್ಕೆ ಕೇಳಿದ ಸ್ಕ್ರೀನ್‌ಶಾಟ್ ಬಂತಾ?' ಎಂದು ನೇರವಾಗಿ ಕೇಳಬಹುದು. ಅವರು ಬಾಯಲ್ಲಿ ಹೇಳಿದ್ದನ್ನು 'ಹಳೆಯ ಲೀಡ್ ಹೇಳಿದ್ದು, ಕಾಗದ ಇಲ್ಲ' ಎಂದು ಗುರುತು ಹಾಕಿ ಸೇರಿಸಿ. ಯಾವ ಗ್ರಾಹಕರು ಸಿಡುಕರು, ತಂಡದಲ್ಲಿ ಯಾರು ಸೋಮಾರಿ ಎಂಬ ಮಾತು ಬಂದರೆ ಅದನ್ನು ಬರೆಯಬೇಡಿ. ನೋಟ್ ಒಂದು ದಿನ ಯಾರಿಗೋ ಫಾರ್ವರ್ಡ್ ಆಗುತ್ತದೆ. ಇದೇ ಕಾರಣಕ್ಕೆ ದರಪಟ್ಟಿಯನ್ನೂ ಒಳಗೆ ಅಂಟಿಸದೆ, ಎಲ್ಲಿದೆ ಎಂದಷ್ಟೇ ಹೇಳಿ.

ಮೊದಲ ಸಾಲಿನಲ್ಲಿ ತಾರೀಖು ಇರಲಿ: 'ಜೂನ್ 22ರ ಸಂಜೆವರೆಗಿನ ಕಾಗದಗಳ ಆಧಾರದ ಮೇಲೆ'. ಅದರ ಕೆಳಗೆ ಜುಲೈ 2ರ ಗಡುವು, ಆಮೇಲೆ ಒಪ್ಪಿಗೆಯ ಗಂಟು, ಉಳಿದದ್ದು ಕೆಳಗೆ. ಪ್ರಾಜೆಕ್ಟಿನ ಇತಿಹಾಸ ಬೇಕೇ ಬೇಕು ಅನ್ನಿಸಿದರೆ ಎರಡನೇ ಪುಟದ ತಳದಲ್ಲಿ ನಾಲ್ಕು ಸಾಲು. ಎರಡು ವಾರ ಕಳೆಯುವಷ್ಟರಲ್ಲಿ ಈ ನೋಟ್ ಹಳಸುತ್ತದೆ. ಅದನ್ನು ತಿದ್ದುತ್ತಾ ಕೂರಬೇಡಿ. ಅದರಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಹೆಸರು, ಗಡುವು ಸಮೇತ ಟ್ರ್ಯಾಕರಿಗೆ ಹಾಕಿ, ನೋಟ್ ಅನ್ನು ಹಳೆಯ ಫೈಲುಗಳ ಜೊತೆ ಸೇರಿಸಿಬಿಡಿ.